90 ಮೀ. ದಾಟಿದ ನೀರಜ್‌ಗೆ 2ನೇ ಸ್ಥಾನ: ಆ ಒಂದು ಸಾಲು ಹೆಂಗ್ ಬಂತು

ಬಳ್ಳಾರಿಯ ಒಂದು ದಿನಪತ್ರಿಕೆ ಡೆಸ್ಕಲ್ಲಿ ನಾನು ಸ್ಪೋರ್ಟ್ಸ್ ಪೇಜ್ ನೋಡ್ಕೋತೀನಿ. ಪ್ರಿಂಟಿಗೂ ವೆಬ್‌ಗೂ ಹೆಡ್ಡಿಂಗ್ ಕೊಡೋದು ನಾವೇ. ಹೊಸದಾಗಿ ಸೇರೋ ಹುಡುಗ್ರು ಎಲ್ರೂ ಕೇಳೋದು ಒಂದೇ, ಚಿಕ್ಕದಾಗಿರ್ಬೇಕು, ತಪ್ಪಿರಬಾರ್ದು, ಜನಾನೂ ಓದ್ಬೇಕು, ಇಷ್ಟೂ ಒಂದೇ ಸಾಲಲ್ಲಿ ಹೆಂಗ್ ತರ್ತೀರಿ ಅಂತ. ಅವರಿಗೆ ನಾನು ಯಾವಾಗ್ಲೂ 2025ರ ಮೇ ತಿಂಗಳ ಒಂದು ವಾರದ ಕಥೆ ಹೇಳ್ತೀನಿ, ಯಾಕಂದ್ರೆ ಹೆಡ್ಡಿಂಗ್ ಬರೆಯೋದ್ರಲ್ಲಿ ಬರೋ ಕಷ್ಟ ಬಹುತೇಕ ಎಲ್ಲಾ ಆ ವಾರದಲ್ಲೇ ಬಂದಿತ್ತು.

ಮೇ 12ಕ್ಕೆ ಕೊಹ್ಲಿ ಟೆಸ್ಟ್ ಕ್ರಿಕೆಟ್ ಬಿಟ್ರು. ಫೋನಲ್ಲಿ ಎಲ್ಲಿ ನೋಡಿದ್ರೂ "ಕೊಹ್ಲಿ ನಿವೃತ್ತಿ!", "ಅಭಿಮಾನಿಗಳಿಗೆ ಶಾಕ್ ಕೊಟ್ಟ ಕಿಂಗ್". ಟೆಸ್ಟ್ ಅನ್ನೋ ಎರಡೇ ಅಕ್ಷರ ತೆಗೆದ್ಬಿಟ್ರೆ ಸುದ್ದಿ ಬೇರೇನೇ ಆಗೋಗುತ್ತೆ, ಅವ್ರು ಏಕದಿನ ಬಿಟ್ಟಿರಲಿಲ್ಲ, ಐಪಿಎಲ್ ಅಂತೂ ಮುಗಿದೇ ಇರಲಿಲ್ಲ, ಆರ್‌ಸಿಬಿ ಮ್ಯಾಚ್ ಇನ್ನೂ ಬಾಕಿ ಇದ್ವು. ನಾವು "ಟೆಸ್ಟ್‌ಗೆ ಕೊಹ್ಲಿ ವಿದಾಯ" ಅಂತ ಹಾಕಿದ್ವಿ. ಇದೂ ಚಿಕ್ಕದೇ. ಕ್ಲಿಕ್‌ಬೈಟ್ ಅಂದ್ರೆ ಬರೀ "ಇಲ್ಲಿದೆ ನೋಡಿ", "ಯಾರು ಆ ಆಟಗಾರ?" ಅನ್ನೋದಷ್ಟೇ ಅಲ್ಲ, ಸುದ್ದಿಯ ಮಿತಿ ಹೇಳೋ ಪದಾನ ಬೇಕಂತಲೇ ಬಿಡೋದೂ ಕ್ಲಿಕ್‌ಬೈಟೇ, ನನ್ನ ಪ್ರಕಾರ ಅದು ಇನ್ನೂ ಕೆಟ್ಟದ್ದು. ಪ್ರಶ್ನೆ ಹಾಕಿದ ಹೆಡ್ಡಿಂಗ್ ನೋಡಿದ್ರೆ ಜನಕ್ಕೆ ಅನುಮಾನನಾದ್ರೂ ಬರುತ್ತೆ, ಇದನ್ನ ನಂಬಿಬಿಡ್ತಾರೆ, ಲಿಂಕ್ ಒತ್ತದೇನೇ ನಾಕು ಜನಕ್ಕೆ ಹೇಳ್ತಾರೆ.

ಮೇ 16, ಶುಕ್ರವಾರ. ಐಪಿಎಲ್ ನಿಂತಿತ್ತು, ಮರುದಿನ ಮತ್ತೆ ಶುರುವಾಗೋದಿತ್ತು, ಹಂಗಾಗಿ ಪೇಜಲ್ಲಿ ಮೇಲಿನ ಜಾಗ ಖಾಲಿ. ರಾತ್ರಿ ದೋಹಾ ಡೈಮಂಡ್ ಲೀಗ್‌ನಲ್ಲಿ ನೀರಜ್ ಚೋಪ್ರಾ ಇದ್ರು. ಮೂರನೇ ಎಸೆತದಲ್ಲಿ 90.23 ಮೀಟರ್. ಭಾರತದವ್ರು ಯಾರೂ ಅಲ್ಲಿವರೆಗೆ 90 ದಾಟಿರಲಿಲ್ಲ, ಅವರದ್ದೇ ಹಳೇ ದಾಖಲೆ 2022ರಲ್ಲಿ ಸ್ಟಾಕ್‌ಹೋಮಲ್ಲಿ ಎಸೆದ 89.94. ಡೆಸ್ಕಲ್ಲಿ ಎಲ್ರೂ ಎದ್ದು ನಿಂತ್ರು. ನಮ್ಮ ಜೂನಿಯರ್ ಹುಡುಗ ಆಗ್ಲೇ ಟೈಪ್ ಮಾಡ್ತಿದ್ದ, "ದೋಹಾದಲ್ಲಿ ನೀರಜ್‌ಗೆ ಐತಿಹಾಸಿಕ ಜಯ". ನಾನಂದೆ, "ತಡಿಯಪ್ಪ, ಜಾವೆಲಿನ್‌ಗೆ ಆರು ಸುತ್ತು ಐತಿ." ವೆಬ್‌ಗೆ ಮಾತ್ರ ಒಂದು ಸಾಲು ಬಿಟ್ವಿ: "90.23 ಮೀ. ಎಸೆದ ನೀರಜ್; 3ನೇ ಸುತ್ತಿನ ಬಳಿಕ ಮುನ್ನಡೆ". ನಡೀತಿರೋ ಆಟದ ಹೆಡ್ಡಿಂಗಲ್ಲಿ ಎಷ್ಟೊತ್ತಿನ ಮಾತು ಅನ್ನೋದು ಇರ್ಲೇಬೇಕು, "3ನೇ ಸುತ್ತಿನ ಬಳಿಕ" ಅಂತ ಇದ್ರೆ ಒಂದು ಗಂಟೆ ಬಿಟ್ಟು ಓದಿದವನಿಗೂ ಅದು ಸುಳ್ಳಾಗಲ್ಲ.

ಕೊನೇ ಸುತ್ತಲ್ಲಿ ಜರ್ಮನಿಯ ಜೂಲಿಯನ್ ವೆಬರ್ 91.06 ಎಸೆದ್ರು. ನೀರಜ್ ಎರಡನೇ ಸ್ಥಾನ.

ಈಗ ಸುದ್ದಿ ಎರಡಾಯ್ತು. ಭಾರತದ ಮಟ್ಟಿಗೆ ದೊಡ್ಡ ದಾಖಲೆ, ಆದ್ರೆ ಗೆದ್ದವ್ರು ಬೇರೆ. ಒಂದನ್ನ ಬಿಟ್ರೆ ಇನ್ನೊಂದು ಓದುಗನ ತಲೆಯಲ್ಲಿ ತಪ್ಪಾಗಿ ಕೂರುತ್ತೆ. "90 ಮೀ. ದಾಟಿ ಇತಿಹಾಸ ಬರೆದ ನೀರಜ್" ಅಂತಷ್ಟೇ ಹಾಕಿದ್ರೆ ಅದ್ರಲ್ಲಿ ಒಂದಕ್ಷರನೂ ಸುಳ್ಳಿಲ್ಲ, ಆದ್ರೆ ಓದಿದವನು ನೀರಜ್ ಗೆದ್ದ ಅಂತಲೇ ತಿಳ್ಕೋತಾನೆ. "ದೋಹಾದಲ್ಲಿ ನೀರಜ್‌ಗೆ ಸೋಲು" ಅಂದ್ರೆ ಆ ರಾತ್ರಿ ನಡೆದ ದೊಡ್ಡ ವಿಷಯನೇ ಕಾಣಲ್ಲ.

ನಾನು ಮಾಡೋದು ಇಷ್ಟು. ಮೊದಲು ರಿಸಲ್ಟ್ ಶೀಟ್ ತೆರೆದು ಇಟ್ಕೋತೀನಿ, ಕಾಮೆಂಟ್ರಿ ಕೇಳಿ ಬರೆಯಲ್ಲ. ಆಮೇಲೆ ಹೆಡ್ಡಿಂಗ್ ಅನ್ನೋದನ್ನ ಮರೆತು, ಪೂರ್ತಿ ವಾಕ್ಯ ಒಂದು ಬರೀತೀನಿ. ಅವತ್ತು ಬರೆದದ್ದು: "ದೋಹಾ ಡೈಮಂಡ್ ಲೀಗ್‌ನಲ್ಲಿ ನೀರಜ್ ಚೋಪ್ರಾ 90.23 ಮೀ. ಜಾವೆಲಿನ್ ಎಸೆದು ಮೊದಲ ಬಾರಿ 90 ಮೀ. ದಾಟಿದರು, ಆದರೆ 91.06 ಮೀ. ಎಸೆದ ಜರ್ಮನಿಯ ಜೂಲಿಯನ್ ವೆಬರ್ ಗೆದ್ದರು, ನೀರಜ್ 2ನೇ ಸ್ಥಾನ ಪಡೆದರು." ಇದನ್ನ ಕತ್ತರಿಸ್ತಾ ಬರೋದು. ಒಂದೊಂದು ಪದ ತೆಗೆದಾಗಲೂ ಓದಿ ನೋಡೋದು, ಇದಷ್ಟೇ ಓದಿದವನಿಗೆ ಏನ್ ಅನಿಸುತ್ತೆ ಅಂತ. ಜಾವೆಲಿನ್ ತೆಗೆದೆ, ನೀರಜ್ ಅಂದ್ರೆ ಗೊತ್ತು, ಪಕ್ಕದಲ್ಲಿ ಫೋಟೋನೂ ಐತಿ. ಚೋಪ್ರಾ ತೆಗೆದೆ. ದೋಹಾ ಡೈಮಂಡ್ ಲೀಗ್ ಕೆಳಗಿನ ಸಾಲಿಗೆ, ವೆಬರ್ ಹೆಸರೂ ಅಲ್ಲಿಗೇ. "ಮೊದಲ ಬಾರಿ" ತೆಗೆಯೋಕೆ ಮನಸ್ಸಾಗಲಿಲ್ಲ, ಆದ್ರೆ "ದಾಟಿದ" ಅನ್ನೋ ಪದದಲ್ಲೇ ಅದು ಅರ್ಧ ಬರುತ್ತೆ, ಉಳಿದದ್ದು ಸುದ್ದಿಯ ಮೊದಲ ಪ್ಯಾರಾದಲ್ಲಿ ಐತಿ. ಸ್ಥಾನ ಮಾತ್ರ ಮುಟ್ಟಲಿಲ್ಲ. ಉಳಿದದ್ದು "90 ಮೀ. ದಾಟಿದ ನೀರಜ್‌ಗೆ 2ನೇ ಸ್ಥಾನ". ಕೆಳಗೆ ಸಬ್ ಹೆಡ್: "ದೋಹಾ ಡೈಮಂಡ್ ಲೀಗ್: ಕೊನೇ ಎಸೆತದಲ್ಲಿ 91.06 ಮೀ. ಮುಟ್ಟಿ ಗೆದ್ದ ವೆಬರ್".

ನಡುವೆ ಜೂನಿಯರ್ ಕೇಳಿದ, "ಅಣ್ಣಾ, '90 ಮೀ. ದಾಟಿದ ನೀರಜ್‌ಗೆ ಬೆಳ್ಳಿ' ಅಂದ್ರೆ ಇನ್ನೂ ಸಣ್ಣದಾಗುತ್ತಲ್ಲ?" ಸಣ್ಣದೇನೋ ಆಗುತ್ತೆ, ಆದ್ರೆ ಡೈಮಂಡ್ ಲೀಗ್ ಕೂಟದಲ್ಲಿ ಪದಕ ಕೊಡಲ್ಲ, ಪಾಯಿಂಟ್ ಕೊಡ್ತಾರೆ, ಮೊದಲನೇ ಸ್ಥಾನಕ್ಕೆ 8, ಎರಡನೇದಕ್ಕೆ 7, ಹಂಗೆ. ನೀರಜ್ ಬೆಳ್ಳಿ ತಗೊಂಡಿದ್ದು 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ, ಆ ನೆನಪಲ್ಲೇ ಎರಡನೇ ಸ್ಥಾನ ಅಂದ ಕೂಡ್ಲೇ ಕೈ ಬೆಳ್ಳಿ ಅಂತ ಟೈಪ್ ಮಾಡ್ಬಿಡುತ್ತೆ. ಇನ್ನೊಬ್ರು "ಈ ಸಾಧನೆ ಮಾಡಿದ ಮೊದಲ ಏಷ್ಯನ್" ಅಂತ ಸೇರಿಸೋಣ ಅಂದ್ರು. ಅದೂ ಆಗಲ್ಲ, ಪ್ಯಾರಿಸಲ್ಲಿ ಚಿನ್ನ ಗೆದ್ದ ಪಾಕಿಸ್ತಾನದ ಅರ್ಷದ್ ನದೀಮ್ ಎಸೆತನೇ 92.97, ಅವರಿಗಿಂತ ಮೊದಲು ತೈವಾನಿನವ್ರು ಒಬ್ರು ದಾಟಿದ್ರು. "ಮೊದಲ" ಅನ್ನೋ ಪದ ಬಂದಾಗ ಯಾರಲ್ಲಿ ಮೊದಲ ಅಂತ ಕೇಳ್ಕೊಂಡು, ಅದನ್ನ ದಾಖಲೆ ಪಟ್ಟಿಯಲ್ಲಿ ನೋಡಿ ಹಾಕ್ಬೇಕು, ಇಲ್ಲಾಂದ್ರೆ ಬಿಡ್ಬೇಕು.

"ಕೂದಲೆಳೆಯಲ್ಲಿ ತಪ್ಪಿದ ಗೆಲುವು" ಅಂತನೂ ಒಂದು ಸಲಹೆ ಬಂತು. ಲೆಕ್ಕ ಹಾಕಿ ನೋಡಿ, 91.06ರಲ್ಲಿ 90.23 ಕಳೆದ್ರೆ 83 ಸೆಂಟಿಮೀಟರ್. ಕೂದಲೆಳೆ, ರೋಚಕ, ಭರ್ಜರಿ, ಧೂಳೀಪಟ, ಇವೆಲ್ಲ ನೋಡೋಕೆ ಬಣ್ಣದ ಪದ ಅನಿಸಿದ್ರೂ ಅವೂ ಒಂದು ಅಳತೆ ಹೇಳ್ತಾವೆ, ಆ ಅಳತೆ ಸ್ಕೋರಿಗೆ ಹೊಂದಲಿಲ್ಲ ಅಂದ್ರೆ ತಪ್ಪು ಸುದ್ದಿನೇ. ನಾನು ಆ ಪದ ಇರೋ ಜಾಗಕ್ಕೆ ಅಂಕಿ ಇಡ್ತೀನಿ. "ಆರ್‌ಸಿಬಿಗೆ ರೋಚಕ ಜಯ" ಅನ್ನೋದಕ್ಕಿಂತ "ಆರ್‌ಸಿಬಿಗೆ 6 ರನ್ ಜಯ" ಚಿಕ್ಕದು, ಎಷ್ಟು ರೋಚಕ ಅನ್ನೋದು ಓದುಗನಿಗೆ ತಾನೇ ಗೊತ್ತಾಗುತ್ತೆ. ಅದೇ ಜೂನ್ 3ರ ಫೈನಲ್ಲಿಗೆ ನಮ್ಮಲ್ಲಿ ಹೋಗಿದ್ದು "ಆರ್‌ಸಿಬಿಗೆ ಚೊಚ್ಚಲ ಐಪಿಎಲ್ ಕಪ್", 6 ರನ್ ಸಬ್ ಹೆಡ್‌ನಲ್ಲಿ.

ಇನ್ನೊಂದು ಆಸೆ ನಮ್ಮ ಊರಿಗೇ ಸೇರಿದ್ದು. ನೀರಜ್ ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತರಬೇತಿ ಮಾಡಿದವ್ರು, ಬಳ್ಳಾರಿ ಜನಕ್ಕೆ ಅವರ ಮೇಲೆ ಬೇರೇನೇ ಅಭಿಮಾನ, ನಂಗೂ ಐತಿ. ಹಂಗಂತ "ನಮ್ಮ ಬಳ್ಳಾರಿಯ ನೀರಜ್" ಅಂತ ಹೆಡ್ಡಿಂಗ್ ಮಾಡೋಕಾಗಲ್ಲ, ಅವ್ರು ಹರಿಯಾಣದ ಪಾಣಿಪತ್ ಜಿಲ್ಲೆಯವ್ರು. ತೋರಣಗಲ್ಲಿನ ವಿಷಯ ಸುದ್ದಿಯೊಳಗೆ ಒಂದು ಸಾಲಾಗಿ ಹೋಯ್ತು, ನಮ್ಮ ಓದುಗರಿಗೆ ಅದು ಬೇಕೇ ಬೇಕು, ಆದ್ರೆ ಅದರ ಜಾಗ ಅಲ್ಲೇ.

ಕತ್ತರಿಸುವಾಗ ಕನ್ನಡದಲ್ಲಿ ಒಂದು ಅಪಾಯ ಐತಿ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಜಾಗ ಸಾಲದೇ ಇದ್ದಾಗ ಎಲ್ರೂ ಮೊದಲು ಕೈ ಹಾಕೋದು "ಅನ್ನು"ಗೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ತಗೊಳ್ಳಿ, ಅಹಮದಾಬಾದಲ್ಲಿ ಆಸ್ಟ್ರೇಲಿಯಾ 6 ವಿಕೆಟ್‌ನಿಂದ ಗೆದ್ದಿತ್ತು. "ಭಾರತ ಮಣಿಸಿದ ಆಸ್ಟ್ರೇಲಿಯಾ" ಅಂತ ಬರೆದ್ರೆ ಯಾರು ಯಾರನ್ನ ಮಣಿಸಿದ್ರು? ಭಾರತವನ್ನ ಮಣಿಸಿದ ಆಸ್ಟ್ರೇಲಿಯಾ ಅಂತನೂ ಓದಬಹುದು, ಭಾರತವೇ ಮಣಿಸಿದಂಥ ಆಸ್ಟ್ರೇಲಿಯಾ ಅಂತನೂ ಓದಬಹುದು. ಮ್ಯಾಚ್ ನೋಡಿದವನಿಗೆ ತೊಂದ್ರೆ ಇಲ್ಲ, ಬರೆದವನೂ ನೋಡಿರ್ತಾನೆ, ಅದಕ್ಕೇ ಅವನ ಕಣ್ಣಿಗೆ ಬೀಳಲ್ಲ. ಇದಕ್ಕೆ ನನ್ನ ದಾರಿ "ಗೆ" ಮತ್ತೆ "ಕ್ಕೆ". "ಆಸೀಸ್‌ಗೆ ವಿಶ್ವಕಪ್, ಭಾರತಕ್ಕೆ ನಿರಾಸೆ". ಜಯ, ಸೋಲು, ಕಪ್, ಸ್ಥಾನ ಇಂಥ ಚಿಕ್ಕ ಪದದ ಮುಂದೆ "ಗೆ" ಇದ್ರೆ ಎರಡರ್ಥ ಬರೋದೇ ಇಲ್ಲ, ಕ್ರಿಯಾಪದನೂ ಬೇಕಾಗಲ್ಲ. ಆದ್ರೂ ಪ್ರತಿ ಹೆಡ್ಡಿಂಗೂ ಪೇಜ್ ಬಿಡೋ ಮುಂಚೆ ಆಟ ನೋಡದೇ ಇರೋ ಒಬ್ರಿಗೆ ಓದಿ ಹೇಳ್ತೀನಿ, ನಮ್ಮಲ್ಲಿ ಪೇಜ್ ಮಾಡೋ ಅಕ್ಕ ಕ್ರಿಕೆಟ್ ನೋಡೋದೇ ಇಲ್ಲ, "ಅಕ್ಕಾ, ಏನಾತು ಹೇಳ್ರಿ" ಅಂತ ಕೇಳ್ತೀನಿ. ಅವ್ರು ಗೆದ್ದವ್ರು ಯಾರು ಅಂತ ತಪ್ಪು ಹೇಳಿದ್ರೆ ಬದಲಾಯಿಸ್ಬೇಕು ಅಷ್ಟೇ, ವಾದ ಮಾಡಲ್ಲ.

ವೆಬ್‌ಗೆ ಒಂದೇ ವ್ಯತ್ಯಾಸ. ಅಲ್ಲಿ ಸಬ್ ಹೆಡ್ ಕಾಣಲ್ಲ, ಫೋನಿನ ನೋಟಿಫಿಕೇಶನ್‌ನಲ್ಲಿ ಸಾಲಿನ ಬಾಲ ಕಟ್ಟಾಗುತ್ತೆ. ಅದಕ್ಕೆ ಹೆಸರು ಮತ್ತೆ ಫಲಿತಾಂಶ ಮೊದಲು, ಉಳಿದದ್ದು ಆಮೇಲೆ: "ನೀರಜ್‌ಗೆ 2ನೇ ಸ್ಥಾನ, 90.23 ಮೀ. ರಾಷ್ಟ್ರೀಯ ದಾಖಲೆ, ದೋಹಾದಲ್ಲಿ ವೆಬರ್‌ಗೆ ಗೆಲುವು". ಎಲ್ಲಿ ಕಟ್ಟಾದ್ರೂ ಉಳಿದ ಭಾಗ ನಿಜ ಇರ್ಬೇಕು ಅಂತ ನೋಡ್ಕೊಂಡು ಜೋಡಿಸೋದು.

ದೊಡ್ಡ ಆಟಕ್ಕೆ ರಿಸಲ್ಟ್ ಶೀಟ್ ಸಿಗುತ್ತೆ, ನಮಗೆ ಹೆಚ್ಚು ಕಷ್ಟ ಕೊಡೋದು ಸ್ಥಳೀಯ ಸುದ್ದಿ. ಸಿರುಗುಪ್ಪ, ಸಂಡೂರು ಕಡೆಯಿಂದ ಶಾಲಾ ಕಬಡ್ಡಿ, ಖೋಖೋ ಸುದ್ದಿ ಬರುತ್ತೆ, ಜಿಲ್ಲಾ ಮಟ್ಟದಲ್ಲಿ ಗೆದ್ದ ಕೂಡ್ಲೇ "ರಾಜ್ಯಮಟ್ಟಕ್ಕೆ ಆಯ್ಕೆ" ಅಂತ ಹೆಡ್ಡಿಂಗ್ ಹಾಕೇ ಕಳಿಸ್ತಾರೆ. ಶಾಲಾ ಕ್ರೀಡಾಕೂಟದಲ್ಲಿ ಜಿಲ್ಲೆ ಆದ್ಮೇಲೆ ವಿಭಾಗ ಮಟ್ಟ ಐತಿ, ನಮಗೆ ಅದು ಕಲಬುರಗಿ ವಿಭಾಗ, ಅದನ್ನ ಗೆದ್ರೆ ರಾಜ್ಯ. ಮಕ್ಕಳ ಹೆಸರು ಪೇಪರಲ್ಲಿ ಬಂದಾಗ ಮನೆಯವ್ರು ಕತ್ತರಿಸಿ ಇಟ್ಕೋತಾರೆ, ಅದ್ರಲ್ಲಿ ತಪ್ಪು ಇರಬಾರ್ದು ಅಂತ ನನ್ನ ಹಠ. ಈಗ ವರದಿಗಾರರಿಗೆ ಹೇಳಿಟ್ಟೀನಿ, ಸುದ್ದಿ ಜೊತೆ ಸ್ಕೋರ್ ಶೀಟಿನ ಫೋಟೋ ವಾಟ್ಸಾಪ್ ಮಾಡ್ರಿ, ಬಾಲಕರೋ ಬಾಲಕಿಯರೋ, ಪ್ರಾಥಮಿಕನೋ ಪ್ರೌಢಶಾಲೆನೋ, ಮುಂದಿನ ಹಂತ ಯಾವುದು, ಇದನ್ನ ಕೂಟ ನಡೆಸಿದ ಪಿಇ ಮೇಷ್ಟ್ರನ್ನೇ ಕೇಳಿ ಬರೀರಿ ಅಂತ. ಹಂಗ್ ಬಂದ್ರೆ "ಕಬಡ್ಡಿ: ಸಿರುಗುಪ್ಪ ಬಾಲಕಿಯರು ವಿಭಾಗಕ್ಕೆ" ಅಂತ ಸಿಂಗಲ್ ಕಾಲಮ್ಮಲ್ಲಿ ಎರಡು ಸಾಲಿಗೆ ಕೂರುತ್ತೆ. ಸ್ಕೋರ್ ಶೀಟ್ ಬರದೇ ಇದ್ದ ದಿನ ಫೋನ್ ಮಾಡ್ತೀನಿ, ಮೇಷ್ಟ್ರು ಸಿಗಲಿಲ್ಲ ಅಂದ್ರೆ "ಸಿರುಗುಪ್ಪ ಬಾಲಕಿಯರಿಗೆ ಕಬಡ್ಡಿ ಪ್ರಶಸ್ತಿ" ಅಂತಷ್ಟೇ ಹಾಕಿ, ಮುಂದಿನ ಹಂತದ ಮಾತು ಮರುದಿನಕ್ಕೆ ಇಡ್ತೀನಿ.