ಬೇಸ್‌ಮೆಂಟ್ ಸಂಪಿಗೆ ಕಸ ಕಟ್ಟದ ಪಂಪ್ ಆರಿಸುವುದು ಹೇಗೆ?

ಜೋರು ಮಳೆಗೆ ಬೇಸ್‌ಮೆಂಟ್ ತುಂಬಿದಾಗ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಪಂಪ್ ಕೆಟ್ಟಿರುವುದಿಲ್ಲ. ಮೋಟಾರ್ ಓಡುತ್ತಿರುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ. ಮೇಲೆತ್ತಿ ನೋಡಿದರೆ ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಗಾಲಿಗೆ, ಅಂದರೆ ಇಂಪೆಲ್ಲರ್‌ಗೆ, ಪ್ಲಾಸ್ಟಿಕ್ ಕವರ್ ಸುತ್ತಿಕೊಂಡಿರುತ್ತದೆ. ಬಾವಿ, ಬೋರ್‌ವೆಲ್ ಪಂಪುಗಳಲ್ಲಿ ಇರುವುದು ಮುಚ್ಚಿದ ಇಂಪೆಲ್ಲರ್: ಎರಡು ತಟ್ಟೆಗಳ ನಡುವೆ ಕಿರಿದಾದ ದಾರಿಗಳು. ಶುದ್ಧ ನೀರಿಗೆ ಅದು ಸರಿ. ಎಲೆ, ದಾರ, ಮರಳು ಕೊಚ್ಚಿಕೊಂಡು ಬರುವ ರ‍್ಯಾಂಪಿನ ನೀರಿಗೆ ಅಲ್ಲ.

ಕೊಳೆನೀರಿಗೆ ಮುಖ್ಯವಾಗಿ ಎರಡು ಬಗೆಯ ಇಂಪೆಲ್ಲರ್‌ಗಳಿವೆ. ಚಾನಲ್ ಇಂಪೆಲ್ಲರ್‌ನಲ್ಲಿ ಒಂದೋ ಎರಡೋ ಅಗಲವಾದ ದಾರಿಗಳು. ಕಸ ಅದರೊಳಗಿನಿಂದಲೇ ಹಾದುಹೋಗಬೇಕು. ವೋರ್ಟೆಕ್ಸ್ ಬಗೆಯಲ್ಲಿ ಇಂಪೆಲ್ಲರ್ ಹಿಂದಕ್ಕೆ ಸರಿದು ಕುಳಿತಿರುತ್ತದೆ. ಅದು ಎಬ್ಬಿಸುವ ಸುಳಿಯೇ ನೀರನ್ನು ತಳ್ಳುವುದರಿಂದ ಹೆಚ್ಚಿನ ಕಸ ರೆಕ್ಕೆಗಳನ್ನು ಮುಟ್ಟದೆ ದಾಟುತ್ತದೆ. ಇದಕ್ಕೆ ಕರೆಂಟ್ ಹೆಚ್ಚು ಬೇಕು. ಆದರೆ ವರ್ಷಕ್ಕೆ ಕೆಲವೇ ಗಂಟೆ ಓಡುವ ಮಳೆನೀರಿನ ಪಂಪಿಗೆ ಕರೆಂಟ್ ಉಳಿತಾಯ ನೋಡುವುದರಲ್ಲಿ ಅರ್ಥವಿಲ್ಲ, ವೋರ್ಟೆಕ್ಸ್ ತೆಗೆದುಕೊಳ್ಳಿ. ದಿನವಿಡೀ ಓಡುವ ದೊಡ್ಡ ಪಂಪಾದರೆ ಚಾನಲ್ ಬಗೆಯನ್ನು ಯೋಚಿಸಬಹುದು.

ಕ್ಯಾಟಲಾಗಿನಲ್ಲಿ ‘50 ಮಿ.ಮೀ. ಘನವಸ್ತು ಹಾಯುತ್ತದೆ’ ಎಂದಿದ್ದರೆ ಅಷ್ಟು ದಪ್ಪದ ಗುಂಡು ಒಳಗಿನಿಂದ ದಾಟುತ್ತದೆ ಎಂದಷ್ಟೇ ಅರ್ಥ. ಮಾರುದ್ದದ ಬಟ್ಟೆ ಚೂರಿನ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಚರಂಡಿ ಸಂಪಿಗೆ ಸೇರುವ ಬಾಯಲ್ಲಿ ಸುಮಾರು 25 ಮಿ.ಮೀ. ಸಂದಿನ ಕಂಬಿ ಜಾಲರಿ ಬೇಕೇ ಬೇಕು. ಪಂಪಿಗೇ ಸಣ್ಣ ಕಣ್ಣಿನ ಬಲೆ ಸುತ್ತುವ ರೂಢಿ ಬಿಡಿ: ನಾಲ್ಕು ಎಲೆ ಅಂಟಿಕೊಂಡರೆ ಪಂಪಿಗೆ ನೀರೇ ಸಿಗದು, ತುಂಬಿದ ಸಂಪಿನ ತಳದಲ್ಲಿರುವ ಬಲೆಯನ್ನು ಬಿಡಿಸಲೂ ಆಗದು.

ಇನ್ನು ಲೆಕ್ಕ. ಅಂಗಡಿಯಲ್ಲಿ ಎಚ್‌ಪಿ ಹೇಳಿ ಪಂಪ್ ಕೇಳಬೇಡಿ. ಎಷ್ಟು ನೀರು, ಎಷ್ಟು ಎತ್ತರಕ್ಕೆ ಎಂದು ಹೇಳಿ. ಉದಾಹರಣೆಗೆ, ರ‍್ಯಾಂಪ್ ಮತ್ತು ತೆರೆದ ಅಂಗಳ ಸೇರಿ 200 ಚದರ ಮೀಟರ್ ಇದೆ, ಗಂಟೆಗೆ 100 ಮಿ.ಮೀ. ವೇಗದ ಮಳೆಗೆ ಸಿದ್ಧರಾಗಬೇಕು ಎಂದಿಟ್ಟುಕೊಳ್ಳಿ. ಕಾಂಕ್ರೀಟ್ ನೆಲ ನೀರು ಹೀರುವುದಿಲ್ಲವಾದ್ದರಿಂದ ಗಂಟೆಗೆ 20,000 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 6 ಲೀಟರ್ ಸಂಪಿಗೆ ಬರುತ್ತದೆ. ಸಂಪಿನ ಕೆಳಗಿನ ನೀರಿನ ಮಟ್ಟದಿಂದ ರಸ್ತೆ ಬದಿಯ ಚರಂಡಿಗೆ 4.5 ಮೀಟರ್ ಎತ್ತರ ಇರಲಿ. 80 ಮಿ.ಮೀ. ಪೈಪಿನಲ್ಲಿ, ಬೆಂಡುಗಳೂ ಸೇರಿ 30 ಮೀಟರಿಗೆ ಸಮನಾದ ಉದ್ದವಿದ್ದರೆ ಘರ್ಷಣೆಗೆ ಮುಕ್ಕಾಲು ಮೀಟರಿನಷ್ಟು ಹೋಗುತ್ತದೆ. ಸ್ವಲ್ಪ ಹೆಚ್ಚೇ ಹಿಡಿದು ಒಟ್ಟು 5.5 ಮೀಟರ್ ಎನ್ನಿ. ಈ ಒಟ್ಟು ಎತ್ತರಕ್ಕೇ ಹೆಡ್ ಎನ್ನುವುದು. ಈ ಹೆಡ್‌ನಲ್ಲಿ ಸೆಕೆಂಡಿಗೆ 6 ಲೀಟರ್ ಕೊಡುವ ಪಂಪನ್ನು, ಯಾವ ಹೆಡ್‌ಗೆ ಎಷ್ಟು ನೀರು ಎಂದು ತೋರಿಸುವ ಅದರ ಕರ್ವ್ ನೋಡಿ ಆರಿಸಬೇಕು. ವೋರ್ಟೆಕ್ಸ್‌ನಲ್ಲಿ ಅದು ಬಹುಪಾಲು 2 ಎಚ್‌ಪಿ ಆಸುಪಾಸಿನದಾಗಿರುತ್ತದೆ. ಘರ್ಷಣೆ ಇಳಿಸಲೆಂದು ಪೈಪನ್ನು ಇನ್ನೂ ದೊಡ್ಡದು ಮಾಡಬೇಡಿ. 80 ಮಿ.ಮೀ. ಪೈಪಿನಲ್ಲಿ ನೀರು ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ಹರಿಯುತ್ತದೆ, 100 ಮಿ.ಮೀ.ಗೆ ಹೋದರೆ ವೇಗ 0.8ರ ಒಳಗೆ ಇಳಿದು, ನೆಟ್ಟಗೆ ನಿಂತ ಪೈಪಿನಲ್ಲಿ ಮರಳು ಮೇಲೇರದೆ ತಳದಲ್ಲೇ ಕೂರತೊಡಗುತ್ತದೆ.

ಮೋಟಾರ್ ಪದೇ ಪದೇ ಆನ್-ಆಫ್ ಆದರೆ ಬಿಸಿಯೇರಿ ಸುಡುತ್ತದೆ. ಗಂಟೆಗೆ 10 ಸಲಕ್ಕಿಂತ ಹೆಚ್ಚು ಸ್ಟಾರ್ಟ್ ಆಗಬಾರದು ಎಂದರೆ ಈ ಪಂಪಿಗೆ ಫ್ಲೋಟ್‌ನ ಆನ್ ಮತ್ತು ಆಫ್ ಮಟ್ಟಗಳ ನಡುವೆ 540 ಲೀಟರ್ ಜಾಗ ಬೇಕು. 1.2 ಮೀಟರ್ ಚೌಕದ ಸಂಪಿನಲ್ಲಿ ಅದು ಸುಮಾರು 38 ಸೆಂ.ಮೀ. ಎತ್ತರ. ಫ್ಲೋಟ್ ಗೋಡೆಗಾಗಲಿ ಚೈನಿಗಾಗಲಿ ಸಿಕ್ಕಿಕೊಳ್ಳದಂತೆ, ನೀರು ಧುಮುಕುವ ಜಾಗದಿಂದ ದೂರ ಇರಲಿ. ಇಷ್ಟೇ ಸಾಮರ್ಥ್ಯದ ಇನ್ನೊಂದು ಪಂಪನ್ನು ಅದಕ್ಕಿಂತ ಮೇಲಿನ ಮಟ್ಟದಲ್ಲಿ ಆನ್ ಆಗುವಂತೆ ಕೂರಿಸಿ, ಎರಡಕ್ಕೂ ಜನರೇಟರ್ ಸಂಪರ್ಕ ಕೊಡಿ. ಜೋರು ಮಳೆಯಲ್ಲೇ ಕರೆಂಟ್ ಹೋಗುವುದು ಗೊತ್ತಿದ್ದದ್ದೇ.

ಪಂಪ್ ಹೊಸದಾಗಿ ಕೂರಿಸಿದ ದಿನವೇ ಕ್ಲ್ಯಾಂಪ್ ಮೀಟರಿನಿಂದ ಆಂಪಿಯರ್ ಅಳೆದು ಪ್ಯಾನಲ್ ಬಾಗಿಲ ಮೇಲೆ ಬರೆದಿಡಿ. ಮುಂದೆ ನೀರು ಕಡಿಮೆ, ಆಂಪಿಯರ್ ಹೆಚ್ಚು ಎಂದಾದರೆ ಇಂಪೆಲ್ಲರ್‌ಗೆ ಏನೋ ಸುತ್ತಿಕೊಂಡಿದೆ ಅಥವಾ ಕಲ್ಲು ಸಿಕ್ಕಿದೆ. ನೀರೂ ಕಡಿಮೆ, ಆಂಪಿಯರೂ ಕಡಿಮೆ ಎಂದಾದರೆ ಬಾಯಿಯೋ ಪೈಪೋ ಕಟ್ಟಿರಬಹುದು, ಇಲ್ಲವೇ ಒಳಗೆ ಗಾಳಿ ಸಿಕ್ಕಿರಬಹುದು. ಗಾಳಿ ಹೊರಹೋಗಲೆಂದೇ, ನೀರು ವಾಪಸ್ ಇಳಿಯದಂತೆ ತಡೆಯುವ ಎನ್‌ಆರ್‌ವಿ ವಾಲ್ವ್‌ಗಿಂತ ಕೆಳಗೆ, ಸಂಪಿನೊಳಗಿನ ಪೈಪಿಗೆ 5–6 ಮಿ.ಮೀ. ತೂತು ಕೊರೆಯುತ್ತಾರೆ, ಅಲ್ಲಿಂದ ನೀರು ಚಿಮ್ಮುತ್ತದೆಂದು ಮುಚ್ಚಬೇಡಿ. ತ್ರೀ ಫೇಸ್ ಪಂಪಾದರೆ ವೈರಿಂಗ್ ಮುಟ್ಟಿದ ಮೇಲೆ ತಿರುಗುವ ದಿಕ್ಕು ನೋಡಲೇಬೇಕು. ಉಲ್ಟಾ ತಿರುಗಿದರೂ ಸ್ವಲ್ಪ ನೀರು ಬರುತ್ತಲೇ ಇರುವುದರಿಂದ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದಿರಬಹುದು.

ಕಸ ತೆಗೆಯುವಾಗ ಮೇನ್ ಆಫ್ ಮಾಡಿ, ಪಂಪನ್ನು ಕೇಬಲ್ ಹಿಡಿದಲ್ಲ, ಚೈನ್ ಹಿಡಿದು ಮೇಲೆತ್ತಿ. ಸಂಪಿನೊಳಗೆ ಯಾರೂ ಇಳಿಯಬಾರದು: ಕೊಳೆತ ಕೆಸರಿನ ವಿಷಗಾಳಿ ಅಲ್ಲಿ ತುಂಬಿರಬಹುದು.