ಪಾಸ್‌ಬುಕ್ಕಿನ ಶಿಲ್ಕು ಸಾಲು ಸಾಲಾಗಿ ತಾಳೆ ನೋಡುವುದು

ಸಣ್ಣಪುಟ್ಟ ಸಂಘಗಳ ವರ್ಷದ ಲೆಕ್ಕ ಪರಿಶೀಲನೆಗೆ ಕೂತಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಪಾಸ್‌ಬುಕ್. ವೋಚರು, ರಸೀದಿ, ನಗದು ಪುಸ್ತಕ ಎಲ್ಲ ಆಮೇಲೆ. ಪಾಸ್‌ಬುಕ್ಕಿನ ಸಾಲುಗಳೇ ಒಂದಕ್ಕೊಂದು ಕೂಡಿಬರದಿದ್ದರೆ ಅದನ್ನಿಟ್ಟುಕೊಂಡು ಮಿಕ್ಕಿದ್ದನ್ನು ತಾಳೆ ನೋಡಿ ಏನು ಫಲ?

“ಕಂಪ್ಯೂಟರ್ ಪ್ರಿಂಟ್ ಸಾರ್, ಇದ್ರಲ್ಲಿ ತಪ್ಪು ಹೇಗೆ ಬರುತ್ತೆ?” ಎಂದು ಖಜಾಂಚಿಗಳು ಕೇಳುವುದುಂಟು. ಕೂಡಿ ಕಳೆಯುವುದರಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ, ಒಪ್ಪಿದೆ. ಆದರೆ ಅದು ಲೆಕ್ಕಕ್ಕೆ ಹಿಡಿದದ್ದೆಲ್ಲ ಕಾಗದದ ಮೇಲೆ ಬಿದ್ದಿದೆಯೇ ಎಂಬುದು ಬೇರೆ ಮಾತು. ಪುಟ ತಿರುಗಿಸುವಾಗ ಸಾಲು ತಪ್ಪುತ್ತದೆ, ಒಂದು ಸಾಲಿನ ಮೇಲೆ ಇನ್ನೊಂದು ಅಚ್ಚಾಗುತ್ತದೆ, ರಿಬ್ಬನ್ ಸವೆದು 3 ಮತ್ತು 8 ಒಂದೇ ಥರ ಕಾಣುತ್ತವೆ. ಅದನ್ನು ನೋಡಿಕೊಂಡು ಶೀಟಿಗೆ ಟೈಪ್ ಮಾಡುವವರ ಕೈತಪ್ಪು ಇದಕ್ಕೆ ಸೇರುತ್ತದೆ. ಕೈಬರಹದ ಪಾಸ್‌ಬುಕ್ ಆದರಂತೂ ಕೂಡುವ ಕಳೆಯುವ ತಪ್ಪೂ ಇರಬಹುದು. ಹಾಗಾಗಿ ಪ್ರತಿ ಸಾಲನ್ನೂ ಮುಟ್ಟಿ ನೋಡುವುದೇ ನನ್ನ ಪದ್ಧತಿ.

ಶೀಟಿನಲ್ಲಿ ಎ ಕಾಲಂ ದಿನಾಂಕಕ್ಕೆ, ಬಿ ವಿವರಕ್ಕೆ, ಸಿ ಡೆಬಿಟ್‌ಗೆ, ಡಿ ಕ್ರೆಡಿಟ್‌ಗೆ, ಇ ಶಿಲ್ಕಿಗೆ. ಎರಡನೇ ಸಾಲಿನಲ್ಲಿ ಹಿಂದಿನ ಪುಟದಿಂದ ತಂದ ಆರಂಭದ ಶಿಲ್ಕು ಮಾತ್ರ ಇರುತ್ತದೆ. ನಮೂದುಗಳು ಮೂರನೇ ಸಾಲಿನಿಂದ ಶುರು. ಶಿಲ್ಕನ್ನು ಸೂತ್ರ ಹಾಕಿ ತೆಗೆಯಬಾರದು, ಪಾಸ್‌ಬುಕ್ಕಿನಲ್ಲಿ ಮುದ್ರಣವಾದ ಅಂಕಿಯನ್ನೇ ಕಣ್ಣಿಟ್ಟು ಟೈಪ್ ಮಾಡಬೇಕು. ಎಫ್ ಕಾಲಂನಲ್ಲಿ ಮೂರನೇ ಸಾಲಿನಿಂದ ಕೆಳಗೆ ಈ ಸೂತ್ರ:

```
=ROUND(E2-C3+D3-E3,2)
```

ಹಿಂದಿನ ಸಾಲಿನ ಶಿಲ್ಕಿನಿಂದ ಈ ಸಾಲಿನ ಡೆಬಿಟ್ ಕಳೆದು, ಕ್ರೆಡಿಟ್ ಕೂಡಿ, ಈ ಸಾಲಿನಲ್ಲಿ ಮುದ್ರಿಸಿರುವ ಶಿಲ್ಕನ್ನು ಕಳೆದರೆ ಸೊನ್ನೆ ಬರಬೇಕು, ಅಷ್ಟೆ. ROUND ಯಾಕೆಂದರೆ ಪೈಸೆಯ ದಶಾಂಶಗಳನ್ನು ಕಂಪ್ಯೂಟರ್ ಒಳಗೊಳಗೇ ಪೂರ್ತಿ ನಿಖರವಾಗಿ ಹಿಡಿದಿಡುವುದಿಲ್ಲ. ಅದಿಲ್ಲದಿದ್ದರೆ ಸರಿಯಿರುವ ಸಾಲಿನಲ್ಲೂ ಸೊನ್ನೆಯ ಬದಲು ತೀರಾ ಸಣ್ಣ ಭಿನ್ನರಾಶಿಯೊಂದು ಉಳಿದು ಸುಮ್ಮನೆ ಗಾಬರಿ ಹುಟ್ಟಿಸುತ್ತದೆ.

ಬಹಳ ಜನ ಇಲ್ಲಿ ಬೇರೆ ದಾರಿ ಹಿಡಿಯುತ್ತಾರೆ. ಆರಂಭದ ಶಿಲ್ಕಿನಿಂದ ಹೊರಟು ತಾವೇ ಒಂದು ಶಿಲ್ಕನ್ನು ಕೆಳಗಿನವರೆಗೆ ಲೆಕ್ಕ ಹಾಕಿಕೊಂಡು ಹೋಗಿ, ಅದನ್ನು ಮುದ್ರಿತ ಶಿಲ್ಕಿನ ಪಕ್ಕದಲ್ಲಿಟ್ಟು ನೋಡುತ್ತಾರೆ. ಅದೇನೂ ತಪ್ಪಲ್ಲ. ಆದರೆ ಒಂದು ಕಡೆ 180 ರೂಪಾಯಿ ವ್ಯತ್ಯಾಸ ಬಂತೆಂದರೆ ಅಲ್ಲಿಂದ ಕೆಳಗಿನ ಸಾಲುಗಳಿಗೆಲ್ಲ ಅದೇ 180 ಅಂಟಿಕೊಳ್ಳುತ್ತದೆ. ಮುಂದೆ ಇನ್ನೆರಡು ತಪ್ಪು ಸೇರಿದರೆ ಯಾವುದು ಎಲ್ಲಿ ಹುಟ್ಟಿತೆಂದು ಬಿಡಿಸುವುದೇ ಒಂದು ಕೆಲಸ. ನನ್ನ ಸೂತ್ರ ಪ್ರತಿ ಸಾಲಿಗೂ ಮುದ್ರಿತ ಶಿಲ್ಕಿನಿಂದಲೇ ಹೊಸದಾಗಿ ಹೊರಡುವುದರಿಂದ ತಪ್ಪು ಹುಟ್ಟಿದ ಜಾಗದಲ್ಲೇ ಸಿಕ್ಕಿಬೀಳುತ್ತದೆ.

ಎಫ್ ಕಾಲಂನಲ್ಲಿ ಬರುವ ಅಂಕಿಯ ರೂಪ ನೋಡಿದರೇ ತಪ್ಪಿನ ಜಾತಿ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಒಂದು ಸಾಲು ಹಿಡಿದು ಹೇಳುತ್ತೇನೆ. ಹಿಂದಿನ ಶಿಲ್ಕು 22,020.50, ಈ ಸಾಲಿನ ಡೆಬಿಟ್ 1,350, ಶಿಲ್ಕು 20,670.50. ಡೆಬಿಟ್ಟನ್ನು 1,530 ಎಂದು ಟೈಪ್ ಮಾಡಿದರೆ ಆ ಒಂದು ಸಾಲಿನಲ್ಲಿ ಮಾತ್ರ ‑180 ಬರುತ್ತದೆ, ಮುಂದಿನ ಸಾಲು ಮತ್ತೆ ಸೊನ್ನೆ. ಡೆಬಿಟ್ ಸರಿಯಿದ್ದು ಶಿಲ್ಕನ್ನೇ 20,760.50 ಎಂದು ಹೊಡೆದಿದ್ದರೆ ಈ ಸಾಲಿನಲ್ಲಿ ‑90, ಅದರ ಕೆಳಗಿನದರಲ್ಲಿ +90. ಮೊತ್ತ ಒಂದೇ, ಚಿಹ್ನೆ ಉಲ್ಟಾ, ಸಾಲುಗಳು ಅಕ್ಕಪಕ್ಕ. ಹೀಗೆ ಜೋಡಿಯಾಗಿ ಬಂದರೆ ಡೆಬಿಟ್ ಕ್ರೆಡಿಟ್ ಕಡೆ ನೋಡುವುದೇ ಬೇಡ, ಮೇಲಿನ ಸಾಲಿನ ಶಿಲ್ಕನ್ನು ಪಾಸ್‌ಬುಕ್ಕಿನಲ್ಲಿ ಇನ್ನೊಮ್ಮೆ ಓದಿದರೆ ಸಾಕು.

180, 90 ಎರಡೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ 9ರ ಗುಣಕವೇ ಆಗಿರುತ್ತದೆ. ಹಳೆಯ ಗುಮಾಸ್ತರಿಗೆ ಇದು ಬಾಯಿಪಾಠ. ತಿರುವಿ ಹಾಕಬಾರದು ಅಷ್ಟೆ: 9ರಿಂದ ಭಾಗವಾದದ್ದೆಲ್ಲ ಅದಲುಬದಲೇ ಆಗಬೇಕೆಂದಿಲ್ಲ, 450 ರೂಪಾಯಿಯ ನಮೂದು ಬಿಟ್ಟುಹೋದರೂ 9ರಿಂದ ಭಾಗವಾಗುತ್ತದೆ. ಇನ್ನು 1,350 ಡೆಬಿಟ್ ಹೋಗಿ ಕ್ರೆಡಿಟ್ ಕಾಲಂನಲ್ಲಿ ಕೂತಿದ್ದರೆ ಬರುವುದು 2,700, ಸರಿಯಾಗಿ ಇಮ್ಮಡಿ. ನಗದು ಪುಸ್ತಕ ಬರೆಯುವವರು ಈ ತಪ್ಪನ್ನು ಹೆಚ್ಚು ಮಾಡುತ್ತಾರೆ. ಅವರ ಪುಸ್ತಕದಲ್ಲಿ ಬ್ಯಾಂಕಿಗೆ ಕಟ್ಟಿದ ಹಣ ಡೆಬಿಟ್ ಕಡೆ ಬರುತ್ತದೆ. ಪಾಸ್‌ಬುಕ್ ಬ್ಯಾಂಕಿನ ಲೆಕ್ಕದ ನಕಲು, ಅಲ್ಲಿ ಅದೇ ಹಣ ಕ್ರೆಡಿಟ್.

ಟೈಪಿಂಗ್ ತಪ್ಪುಗಳೆಲ್ಲ ತಿದ್ದಿದ ಮೇಲೂ ಸೊನ್ನೆಯಾಗದೆ ಉಳಿಯುವ ಸಾಲುಗಳೇ ಈ ಕೆಲಸದ ನಿಜವಾದ ಫಸಲು. ಒಂದು ಸಂಘದ ಪಾಸ್‌ಬುಕ್ಕಿನಲ್ಲಿ ಹೀಗಾಗಿತ್ತು. ಎಡಪುಟದ ಕೊನೆಯ ಎರಡು ಸಾಲು ಮತ್ತು ಬಲಪುಟದ ಮೊದಲ ಸಾಲು:

312.00 ಕ್ರೆಡಿಟ್, ಬಡ್ಡಿ. ಶಿಲ್ಕು 20,982.50.
17.70 ಡೆಬಿಟ್, ಸೇವಾ ಶುಲ್ಕ. ಶಿಲ್ಕು 20,964.80.
4,500.00 ಡೆಬಿಟ್, ಚೆಕ್ಕು. ಶಿಲ್ಕು 14,264.80.

20,964.80ರಲ್ಲಿ 4,500 ಹೋದರೆ 16,464.80 ಉಳಿಯಬೇಕು. ಅಚ್ಚಾಗಿದ್ದು ಅದಕ್ಕಿಂತ 2,200 ಕಡಿಮೆ, ಎಫ್ ಕಾಲಂನಲ್ಲಿ +2,200. ಅಂಕಿಗಳನ್ನು ಮತ್ತೆ ಓದಿದೆ, ಎಲ್ಲ ಸರಿಯಾಗೇ ಟೈಪಾಗಿದ್ದವು. 9ರಿಂದ ಭಾಗವಾಗುವುದಿಲ್ಲ, ಅರ್ಧ ಮಾಡಿದರೆ ಬರುವ 1,100ರ ನಮೂದು ಆ ಸಾಲಿನಲ್ಲಿಲ್ಲ. ಮುಂದಿನ ಸಾಲು ಸೊನ್ನೆ, ಆದ್ದರಿಂದ 14,264.80 ಎಂಬ ಶಿಲ್ಕನ್ನೂ ಅನುಮಾನಿಸುವ ಹಾಗಿಲ್ಲ. ಉಳಿದದ್ದು ಒಂದೇ: ನಡುವೆ ಏನೋ ಬಿಟ್ಟುಹೋಗಿದೆ. ನನ್ನ ಸೂತ್ರದಲ್ಲಿ ವ್ಯತ್ಯಾಸ ಧನವಾಗಿದ್ದರೆ ಕಾಣದಿರುವುದು ಡೆಬಿಟ್, ಋಣವಾಗಿದ್ದರೆ ಕ್ರೆಡಿಟ್. ಖಜಾಂಚಿಗೆ ಹೇಳಿದಾಗ ಅವರು ತಕ್ಷಣ 2,200 ರೂಪಾಯಿಯ ವೋಚರು ಹುಡುಕತೊಡಗಿದರು. ಹಾಗೆ ಹುಡುಕಬಾರದು. ಈ 2,200 ಎಂಬುದು ಬಿಟ್ಟುಹೋದ ಸಾಲುಗಳ ನಿವ್ವಳ ಮೊತ್ತ, ಅದು ಒಂದೇ ನಮೂದಾಗಿರಬೇಕೆಂದೇನಿಲ್ಲ.

ಪಾಸ್‌ಬುಕ್ಕನ್ನು ಅಗಲಿಸಿ ಮಡಿಕೆಯ ಹತ್ತಿರ ನೋಡಿದರೆ ಹೊಲಿಗೆ ಇರುವ ಕಡೆ ಕಪ್ಪಗೆ ಒಂದು ಗೆರೆ. ದೂರದಿಂದ ಮಸಿ ಚೆಲ್ಲಿದ ಹಾಗಿತ್ತು. ಪುಟವನ್ನು ದೀಪಕ್ಕೆ ಓರೆಯಾಗಿ ಹಿಡಿದಾಗ ಒಂದರ ಮೇಲೊಂದು ಕೂತ ಅಂಕಿಗಳು, ಕೊನೆಯಲ್ಲಿ ಎರಡು ಬೇರೆ ಬೇರೆ ದಶಾಂಶ ಬಿಂದುಗಳು ಕಂಡವು. ಎಂದರೆ ಅಲ್ಲಿ ಎರಡು ಸಾಲು ಒಂದರ ಮೇಲೊಂದು ಅಚ್ಚಾಗಿವೆ. ಆ ಅವಧಿಗೆ ಸೀಮಿತವಾಗಿ ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತರಿಸಿದರೆ ಎರಡೂ ಸಿಕ್ಕವು: 2,500 ಡೆಬಿಟ್, 300 ಕ್ರೆಡಿಟ್. 2,200ರ ವೋಚರನ್ನು ಹುಡುಕುತ್ತ ಕೂತಿದ್ದರೆ ಅದು ಎಂದಿಗೂ ಸಿಗುತ್ತಿರಲಿಲ್ಲ. ಶೀಟಿನಲ್ಲಿ ಎರಡು ಸಾಲು ಸೇರಿಸಿ, ಅವು ಸ್ಟೇಟ್‌ಮೆಂಟಿನಿಂದ ಬಂದವೆಂದು ವಿವರದ ಕಾಲಂನಲ್ಲಿ ಬರೆದೆ. ಶಿಲ್ಕು 18,464.80, ಆಮೇಲೆ 18,764.80, ಚೆಕ್ಕಿನ ಸಾಲಿಗೆ 14,264.80. ಎಫ್ ಕಾಲಂ ಸೊನ್ನೆ. ನಡುವೆ ಸಾಲು ಸೇರಿಸಿದಾಗ ಸೂತ್ರವನ್ನು ಆ ಸಾಲುಗಳಿಗೂ ಕೆಳಗಿನ ಸಾಲಿಗೂ ಮತ್ತೆ ಎಳೆಯಬೇಕು, ಇಲ್ಲವಾದರೆ ಕೆಳಗಿನ ಸೂತ್ರ ಹಳೆಯ ಸಾಲನ್ನೇ ನೋಡುತ್ತಿರುತ್ತದೆ.

ಸಾಲುಗಳನ್ನು ದಿನಾಂಕದ ಪ್ರಕಾರ ಸಾರ್ಟ್ ಮಾಡುವ ಚಟ ಕೆಲವರಿಗಿದೆ. ಈ ಶೀಟಿನಲ್ಲಿ ಅದು ಸಲ್ಲದು. ಶಿಲ್ಕು ನಡೆಯುವುದು ಬ್ಯಾಂಕ್ ನಮೂದಿಸಿದ ಕ್ರಮದಲ್ಲಿ. ಹಿಂದಿನ ದಿನಾಂಕ ಹೊತ್ತ ನಮೂದು ಕೆಳಗೆ ಬಂದಿರಬಹುದು, ಒಂದೇ ದಿನದ ನಾಲ್ಕು ನಮೂದುಗಳ ಕ್ರಮ ಸಾರ್ಟಿನಲ್ಲಿ ಹಿಂದುಮುಂದಾಗಬಹುದು. ಆಗ ಸರಿಯಿದ್ದ ಸಾಲುಗಳೆಲ್ಲ ತಪ್ಪು ತೋರಿಸುತ್ತವೆ. ಅದಕ್ಕೇ ಪಕ್ಕದಲ್ಲಿ ಕ್ರಮಸಂಖ್ಯೆಯ ಕಾಲಂ ಒಂದಿಡುತ್ತೇನೆ, ಯಾರಾದರೂ ಕಲಕಿದರೂ ಮತ್ತೆ ಜೋಡಿಸಿಕೊಳ್ಳಬಹುದು. ಓವರ್‌ಡ್ರಾಫ್ಟ್ ಖಾತೆಯಾದರೆ ಶಿಲ್ಕಿನ ಮುಂದೆ ಡಿಆರ್ ಎಂದಿರುವ ಕಡೆ ಅಂಕಿಯನ್ನು ಋಣ ಚಿಹ್ನೆಯೊಂದಿಗೆ ಟೈಪ್ ಮಾಡಿ. ಅಕ್ಷರವನ್ನೂ ಸೇರಿಸಿ ಹೊಡೆದರೆ ಸೂತ್ರ `#VALUE!` ಎಂದು ಮುಷ್ಕರ ಹೂಡುತ್ತದೆ.

ಎಲ್ಲ ಸಾಲೂ ಸೊನ್ನೆಯಾದ ಮೇಲೆ ಒಟ್ಟು ಮೊತ್ತದ ಪರೀಕ್ಷೆ ಬೇಕೇ ಎಂದು ಕೇಳಬಹುದು. ಆರಂಭದ ಶಿಲ್ಕಿಗೆ ಕ್ರೆಡಿಟ್ಟುಗಳನ್ನೆಲ್ಲ ಕೂಡಿ ಡೆಬಿಟ್ಟುಗಳನ್ನೆಲ್ಲ ಕಳೆದರೆ ಕೊನೆಯ ಶಿಲ್ಕು ಬರಲೇಬೇಕು, ಸಾಲುಗಳು ಸರಿಯಿದ್ದರೆ ಗಣಿತದ ಪ್ರಕಾರ ಬೇರೆ ದಾರಿಯಿಲ್ಲ. ಆದರೂ ಹಾಕುತ್ತೇನೆ. ಬೇರೆ ಕಡೆಯಿಂದ ನಕಲು ಮಾಡಿ ತಂದ ಅಂಕಿಗಳು ಕೆಲವೊಮ್ಮೆ ಪಠ್ಯವಾಗಿ ಕೂತಿರುತ್ತವೆ. ಕೂಡು ಕಳೆಯುವ ಸೂತ್ರ ಅವನ್ನು ಸಂಖ್ಯೆಯೆಂದೇ ಒಪ್ಪಿಕೊಂಡು ಸೊನ್ನೆ ತೋರಿಸಬಹುದು, SUM ಮಾತ್ರ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಲುಗಳು ಸೊನ್ನೆ, ಒಟ್ಟು ಮಾತ್ರ ತಪ್ಪು ಎಂದರೆ ಇದನ್ನೇ ಹುಡುಕಿ. ಒಟ್ಟನ್ನು ಮಾತ್ರ ನೋಡಿ ಬಿಡುವುದು ಇನ್ನೂ ಅಪಾಯ: ಎದುರುಬದುರು ತಪ್ಪುಗಳು ಒಂದನ್ನೊಂದು ನುಂಗಿಕೊಂಡು ಒಟ್ಟು ಚೊಕ್ಕವಾಗಿ ಕಾಣುತ್ತದೆ.

ಈ ವಿಧಾನಕ್ಕೆ ಕಾಣದಿರುವುದೂ ಇದೆ. ತಪ್ಪಾಗಿ ಕಡಿತವಾಗಿ ವಾಪಸಾದ ಮೊತ್ತದಂಥ ಒಂದು ಡೆಬಿಟ್ಟೂ ಅಷ್ಟೇ ಮೊತ್ತದ ಕ್ರೆಡಿಟ್ಟೂ ಅಕ್ಕಪಕ್ಕವಿದ್ದು ಎರಡೂ ಅಚ್ಚಾಗದೆ ಹೋದರೆ ಎಫ್ ಕಾಲಂ ಸೊನ್ನೆಯಾಗೇ ಇರುತ್ತದೆ. ಬಹಳ ಕಾಲ ಪ್ರಿಂಟ್ ಹಾಕಿಸದ ಖಾತೆಗಳಲ್ಲಿ ಕೆಲವು ಬ್ಯಾಂಕುಗಳು ಹಳೆಯ ವಹಿವಾಟನ್ನೆಲ್ಲ ಒಂದೇ ಸಾಲಿಗೆ ಇಳಿಸಿ, ಒಟ್ಟು ಡೆಬಿಟ್ ಇಷ್ಟು, ಒಟ್ಟು ಕ್ರೆಡಿಟ್ ಇಷ್ಟು ಎಂದು ಮುದ್ರಿಸುತ್ತವೆ. ಆ ಸಾಲೂ ಸೊನ್ನೆ ತೋರಿಸುತ್ತದೆ, ಒಳಗೆ ಏನೇನಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಒಂದೇ ಸಾಲಿನಲ್ಲಿ ಡೆಬಿಟ್ ಕ್ರೆಡಿಟ್ ಎರಡೂ ತುಂಬಿದ್ದರೆ ನಾನು ಅದಕ್ಕೆ ಬಣ್ಣ ಹಚ್ಚಿ, ಆ ಅವಧಿಯ ಸ್ಟೇಟ್‌ಮೆಂಟ್ ಕೇಳುತ್ತೇನೆ. ಹಳೆಯ ಪುಸ್ತಕ ಮುಗಿದು ಹೊಸದು ಶುರುವಾದ ಕಡೆಯೂ ಹಾಗೆಯೇ. ಹಳೆಯದರ ಕೊನೆಯ ಶಿಲ್ಕು, ಹೊಸದರ ಮೊದಲ ಶಿಲ್ಕು ಎರಡನ್ನೂ ಬೇರೆ ಬೇರೆ ಸಾಲಾಗಿ ಹೊಡೆದು ನಡುವೆ ಇದೇ ಸೂತ್ರ ಹಾಕುತ್ತೇನೆ.