ಚಿಕ್ಕಮ್ಮನ ಪಿಂಚಣಿಗೆ ಅಡ್ಡಬಂದದ್ದು ಮಗನ ಸಂಬಳ

ನನ್ನ ಚಿಕ್ಕಮ್ಮನಿಗೆ 67 ವರ್ಷ. ಬದುಕಿಡೀ ಕೂಲಿ ಮಾಡಿದವರು. ಸಂಧ್ಯಾ ಸುರಕ್ಷಾ ಯೋಜನೆಗೆ ಹಾಕಿದ ಅರ್ಜಿ ತಿರಸ್ಕಾರವಾಯಿತು. ಕಾರಣ: ‘ಆದಾಯ ಮಿತಿ ಮೀರಿದೆ’. ನನಗೆ ತಡೆಯಲಾಗದ ಸಿಟ್ಟು ಬಂತು, ಏಕೆಂದರೆ ಆ ಮನೆಯಲ್ಲಿ ಮಿತಿ ಮೀರಿದ್ದು ಸಾಲ ಮಾತ್ರ.

ಆದಾಯ ಪ್ರಮಾಣಪತ್ರವನ್ನು ತೆರೆದು ನೋಡಿದಾಗ ಅರ್ಥವಾಯಿತು. ಅದರಲ್ಲಿ ನಗರದಲ್ಲಿ ದುಡಿಯುವ ಮಗನ ಸಂಬಳವೂ ಸೇರಿತ್ತು. ಈ ಯೋಜನೆಯಲ್ಲಿ ನೋಡಬೇಕಾದದ್ದು ಗಂಡ ಹೆಂಡತಿ ಇಬ್ಬರ ಒಟ್ಟು ವಾರ್ಷಿಕ ಆದಾಯವನ್ನು ಮಾತ್ರ. ಅದು 32,000 ರೂಪಾಯಿ ದಾಟಬಾರದು. ವಯಸ್ಕ ಮಕ್ಕಳ ದುಡಿಮೆ ಲೆಕ್ಕಕ್ಕಿಲ್ಲ. ಇನ್ನು ವಯಸ್ಸು 65 ತುಂಬಿರಬೇಕು, ಬೇರೆ ಪಿಂಚಣಿ ಇರಬಾರದು; ಇವೆರಡೂ ಸರಿಯಿದ್ದವು.

ನಾಡಕಚೇರಿಯಲ್ಲಿ ಹೊಸ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟೆವು. ಪರಿಶೀಲನೆಗೆ ಬಂದ ಗ್ರಾಮ ಆಡಳಿತ ಅಧಿಕಾರಿಗೆ ಚಿಕ್ಕಮ್ಮ ಕೂಲಿಯ ದಿನಗಳನ್ನು ಬೆರಳೆಣಿಸಿ ಹೇಳಿದರು. ಚಿಕ್ಕಪ್ಪ ಹಾಸಿಗೆ ಹಿಡಿದಿರುವುದನ್ನು ಆ ಅಧಿಕಾರಿಯೇ ಕಣ್ಣಾರೆ ಕಂಡರು. ಹಿಂದಿನ ಸಲ ಯಾರೂ ಇದನ್ನು ಕೇಳಿರಲೇ ಇಲ್ಲ. ಹೊಸ ಪತ್ರದಲ್ಲಿ 24,000 ಎಂದು ಬಂತು.

ಅದರೊಂದಿಗೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರ ಸೇರಿಸಿ ಮತ್ತೆ ಅರ್ಜಿ ಹಾಕಿ ಸ್ವೀಕೃತಿ ಪತ್ರವನ್ನು ಜೋಪಾನವಾಗಿಟ್ಟುಕೊಂಡೆವು. ಈ ಸಲ ಮಂಜೂರಾತಿ ಆದೇಶ ಬಂತು: ತಿಂಗಳಿಗೆ 1,200 ರೂಪಾಯಿ.

ಪಿಂಚಣಿ ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಹಾಗಾಗಿ ಹಣ ಬರುವ ಮೊದಲು ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಿದೆ. ಮುಚ್ಚಿಹೋದ ಹಳೆಯ ಖಾತೆಗೆ! ಅಲ್ಲೇ ಅರ್ಜಿ ಕೊಟ್ಟು ಬದಲಿಸಿದೆವು.